ಎರಡನೇ ಮಗುವಿನ ಫೀಸ್: ಮೊದಲು ರಿಯಾಯಿತಿ ಕಳೆಸಿ, ಆಮೇಲೆ ಕಂತು ಮಾಡಿಸಿ

ಹಾಸನ, ಚಿಕ್ಕಮಗಳೂರು ಕಡೆ ಒಂದೇ ಶಾಲೆಗೆ ಇಬ್ಬರು ಮಕ್ಕಳನ್ನು ಕಳಿಸುವವರು ಇದನ್ನು ಗಮನಿಸಿ. ಕಂತಿನಲ್ಲಿ ಫೀಸ್ ಕಟ್ಟುವುದಾದರೆ ಸಿಬ್ಲಿಂಗ್ ಡಿಸ್ಕೌಂಟ್ ಮೊದಲು ಕಳೆದು, ಉಳಿದ ಮೊತ್ತಕ್ಕೆ ಮಾತ್ರ ಕಂತಿನ ಹೆಚ್ಚುವರಿ ಹಾಕಿ ಎಂದು ಆಫೀಸಿನಲ್ಲಿ ಕೇಳಿ. ನಾವು ಕಟ್ಟಬೇಕಿಲ್ಲದ ಹಣಕ್ಕೂ ಶೇಕಡಾ ಲೆಕ್ಕ ಯಾಕೆ, ಅಲ್ವಾ? ಉದಾಹರಣೆಗೆ, ಎರಡನೇ ಮಗುವಿನ ಟ್ಯೂಷನ್ ಫೀ 40,000, ಬಸ್ಸಿಗೆ 10,000 ಎಂದುಕೊಳ್ಳಿ. ಶೇ 20 ರಿಯಾಯಿತಿ ಸಾಮಾನ್ಯವಾಗಿ ಟ್ಯೂಷನ್‌ಗೆ ಮಾತ್ರ, ಅಂದರೆ 8,000 ಕಳೆದು 42,000 ಉಳಿಯುತ್ತದೆ. ಅದಕ್ಕೆ ಶೇ 5 ಸೇರಿಸಿದರೆ 44,100. ಅದೇ ಪೂರ್ತಿ 50,000ಕ್ಕೆ ಶೇ 5 ಹಾಕಿ ಆಮೇಲೆ 8,000 ಕಳೆದರೆ 44,500 ಆಗುತ್ತದೆ. ಸುಮ್ನೆ 400 ರೂಪಾಯಿ ಜಾಸ್ತಿ. ಲೇಟ್ ಫೀ ವಿಷಯದಲ್ಲೂ ಹೀಗೇ. ಮೂರು ಕಂತಾದರೆ ಒಂದೊಂದು 14,700. ಒಂದು ಕಂತು ತಡವಾದರೆ ಶೇ 2ರ ದಂಡ 294 ಆಗಬೇಕು. ರಸೀದಿಯಲ್ಲಿ 882 ಎಂದಿದ್ದರೆ ಇಡೀ ವರ್ಷದ ಮೊತ್ತಕ್ಕೇ ಹಾಕಿದ್ದಾರೆ ಎಂದು ತಿಳಿಯಿರಿ. ಹೆಚ್ಚುವರಿಯನ್ನು ಶೇಕಡಾ ಬದಲು ಕಂತಿಗೆ ಇಷ್ಟು ರೂಪಾಯಿ ಎಂದು ನಿಗದಿ ಮಾಡುವ ಶಾಲೆಯಲ್ಲಿ ಈ ಲೆಕ್ಕದಿಂದ ಏನೂ ಉಳಿಯುವುದಿಲ್ಲ. ಸರ್ಕ್ಯುಲರ್‌ನಲ್ಲಿ ‘ತಡವಾದರೆ ರಿಯಾಯಿತಿ ರದ್ದು’ ಎಂದಿದ್ದರಂತೂ ಹುಷಾರು, ಒಂದೇ ದಿನ ತಪ್ಪಿದರೂ 8,000 ಹೋಗುತ್ತದೆ. ಕಾಫಿ ಮಾರಿದ ದುಡ್ಡನ್ನೇ ನಂಬಿರುವವರು ಕೊನೆಯ ಕಂತಿನ ದಿನಾಂಕವನ್ನು ಅಡ್ಮಿಷನ್ ಹೊತ್ತಿಗೇ ಮುಂದಕ್ಕೆ ಹಾಕಿಸಿಕೊಂಡು, ಬರಹದಲ್ಲಿ ಪಡೆಯಿರಿ.