ನಾಲ್ವರ ಅನುವಾದ, ಒಂದೇ ದನಿಯ ಪ್ರಬಂಧ

ಕರ್ನಾಟಕದ ಕೆರೆ ನೀರಾವರಿಯ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧವೊಂದನ್ನು ಕನ್ನಡಕ್ಕೆ ತರಬೇಕಿದೆ ಎಂದಿಟ್ಟುಕೊಳ್ಳೋಣ. ಒಟ್ಟು 80,000 ಪದ, ಅನುವಾದಕರು ನಾಲ್ವರು. ದಿನಕ್ಕೆ ಸಾವಿರ ಪದದಂತೆ ಮಾಡಿದರೂ ಒಬ್ಬೊಬ್ಬರಿಗೆ 20 ದಿನಗಳ ಕೆಲಸ. ಆಮೇಲೆ ಅಷ್ಟನ್ನೂ ಒಬ್ಬರೇ ಕುಳಿತು ಹದಗೊಳಿಸಬೇಕು. ಅದಕ್ಕೆ ಕನಿಷ್ಠ ಹತ್ತು ದಿನವನ್ನು ಮೊದಲೇ ಎತ್ತಿಡಿ.

ಹಂಚುವ ಮೊದಲು

ಪುಟ ಎಣಿಸಿ ಹಂಚಬೇಡಿ, ಅಧ್ಯಾಯದ ಲೆಕ್ಕದಲ್ಲಿ ಹಂಚಿ. ವಾದವೊಂದು ಅರ್ಧಕ್ಕೆ ತುಂಡಾದರೆ ಎರಡನೆಯವರಿಗೆ ಅದರ ತಲೆಬುಡ ತಿಳಿಯುವುದಿಲ್ಲ. ಪೀಠಿಕೆ ಮತ್ತು ಉಪಸಂಹಾರ ಒಬ್ಬರಿಗೇ ಇರಲಿ, ಏಕೆಂದರೆ ಪೀಠಿಕೆಯಲ್ಲಿ ಕೇಳಿದ ಪ್ರಶ್ನೆಗಳೇ ಕೊನೆಯಲ್ಲಿ ಅದೇ ಮಾತಿನಲ್ಲಿ ಮರಳಿ ಬರುತ್ತವೆ.

ಮುಂದೆ ಹದಗೊಳಿಸಲಿರುವವರು ಈಗಲೇ ಇಡೀ ಪ್ರಬಂಧ ಓದಿ ಪದಪಟ್ಟಿ ಮಾಡಬೇಕು. ಅದರಲ್ಲಿ ನಾಲ್ಕು ಅಂಕಣ ಸಾಕು: ಮೂಲ ಪದ, ಒಪ್ಪಿದ ಪದ, ಬೇಡವೆಂದ ಪದ, ಮೊದಲು ಬಂದ ಪುಟ. ಮೂರನೆಯ ಅಂಕಣವನ್ನು ಹಲವರು ಬಿಟ್ಟುಬಿಡುತ್ತಾರೆ. ಕೊನೆಯಲ್ಲಿ ಹುಡುಕಿ ತೆಗೆಯಬೇಕಾದದ್ದು ಅಲ್ಲಿರುವ ಪದಗಳನ್ನೇ. ನಮ್ಮ ಪ್ರಬಂಧದ ಮಟ್ಟಿಗೆ ಕೆರೆ, ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳು ರೈತರ ಬಾಯಲ್ಲಿ ಸಿದ್ಧವಾಗಿವೆ. ‘ಹೆಚ್ಚುವರಿ ನೀರಿನ ಹೊರಹರಿವಿನ ಕಟ್ಟೆ’ ಎಂದು ಕೋಡಿಗೆ ಹೊಸ ಹೆಸರು ಕಟ್ಟುವ ಅಗತ್ಯವಿಲ್ಲ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು ನೀರಗಂಟಿಯೋ ನೀರುಗಂಟಿಯೋ, ಎರಡೂ ಬಳಕೆಯಲ್ಲಿವೆ. ಒಂದನ್ನು ಆರಿಸಿ ಪಟ್ಟಿಗೆ ಸೇರಿಸಿ.

ಎರಡು ಪುಟದ ಪರೀಕ್ಷೆ

ಯಾವುದಾದರೂ ಎರಡು ಪುಟ ಆರಿಸಿ, ಅವನ್ನೇ ನಾಲ್ವರೂ ಅನುವಾದಿಸಲಿ. ನಾಲ್ಕನ್ನೂ ಅಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಒಬ್ಬರು ‘ಮೂರು ಗ್ರಾಮಗಳಲ್ಲಿ ಸಮೀಕ್ಷೆ ನಡೆಸಲಾಯಿತು’ ಎಂದಿರುತ್ತಾರೆ, ಇನ್ನೊಬ್ಬರು ‘ಮೂರು ಊರುಗಳಲ್ಲಿ ಸಮೀಕ್ಷೆ ನಡೆಸಿದೆ’ ಎಂದು. ಮೂಲ ಲೇಖಕರು ‘ನಾನು’ ಎಂದೇ ಬರೆದಿದ್ದರೆ ಎರಡನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಲಾಯಿತು’ಗಳ ಸಾಲು ಓದುಗರನ್ನು ಹತ್ತು ಪುಟದೊಳಗೇ ದಣಿಸುತ್ತದೆ. ಅಂಕಿಗಳು ಯಾವ ಲಿಪಿಯಲ್ಲಿ, ಮಿಲಿಯನ್ ಬಂದಲ್ಲಿ ಲಕ್ಷವೇ, ಎಕರೆಯೋ ಹೆಕ್ಟೇರೋ ಎಂಬುದನ್ನೂ ಆ ದಿನವೇ ತೀರ್ಮಾನಿಸಿ ಒಂದು ಪುಟದಲ್ಲಿ ಬರೆದಿಡಿ.

ರೈತರ ಸಂದರ್ಶನಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅವರು ಮಾತಾಡಿದ್ದು ಕನ್ನಡದಲ್ಲೇ, ಪ್ರಬಂಧದಲ್ಲಿರುವುದು ಅದರ ಇಂಗ್ಲಿಷ್ ರೂಪ. ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿದರೆ ಕೋಲಾರದ ರೈತನೂ ರಾಯಚೂರಿನ ರೈತನೂ ಒಂದೇ ಗ್ರಾಂಥಿಕ ಕನ್ನಡ ಆಡುತ್ತಾರೆ. ಸಂಶೋಧಕರಿಂದ ಧ್ವನಿಮುದ್ರಿಕೆ ಅಥವಾ ಟಿಪ್ಪಣಿ ಪುಸ್ತಕ ಕೇಳಿ ಪಡೆದು, ಮೂಲ ಮಾತನ್ನೇ ಬಳಸಿ. ಅವು ಸಿಗದಿದ್ದರೆ ಉದ್ಧರಣ ಚಿಹ್ನೆ ತೆಗೆದು, ‘ಹೂಳೆತ್ತಿ ವರ್ಷಗಳೇ ಆದವು ಎಂದು ಅವರು ತಿಳಿಸಿದರು’ ಎಂಬಂತೆ ಪರೋಕ್ಷವಾಗಿ ಬರೆಯಿರಿ.

ಹದಗೊಳಿಸುವ ಕೆಲಸ

ಎಲ್ಲ ಕಡತಗಳೂ ಯೂನಿಕೋಡ್‌ನಲ್ಲಿ ಇವೆಯೇ ಎಂದು ಮೊದಲು ನೋಡಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಒಂದು ಅಧ್ಯಾಯ ಉಳಿದಿದ್ದರೂ ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಎಲ್ಲ ಸರಿಹೋಯಿತು ಎಂದು ಮೋಸಹೋಗುತ್ತೇವೆ.

ಮೊದಲ ಸುತ್ತು ಪದಗಳಿಗೆ ಮಾತ್ರ. ಒಬ್ಬರು ಕೆರೆಯನ್ನು ‘ಜಲಾಶಯ’ ಎಂದು ಬರೆದುಬಿಟ್ಟಿದ್ದಾರೆ ಎನ್ನಿ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಗುಂಡಿ ಒತ್ತಿದರೆ ‘ಜಲಾಶಯದಲ್ಲಿ’ ಹೋಗಿ ‘ಕೆರೆದಲ್ಲಿ’ ಆಗುತ್ತದೆ, ‘ಜಲಾಶಯವನ್ನು’ ಹೋಗಿ ‘ಕೆರೆವನ್ನು’ ಆಗುತ್ತದೆ, ‘ಜಲಾಶಯಕ್ಕೆ’ ಹೋಗಿ ‘ಕೆರೆಕ್ಕೆ’ ಆಗುತ್ತದೆ. ಜೊತೆಗೆ ಕೃಷ್ಣರಾಜಸಾಗರ ಜಲಾಶಯವೂ ಕೆರೆಯಾಗಿಬಿಡುತ್ತದೆ! ಆದ್ದರಿಂದ ಒಂದೊಂದು ವಿಭಕ್ತಿ ರೂಪವನ್ನೂ ಬೇರೆಬೇರೆಯಾಗಿ ಹುಡುಕಿ, ವಾಕ್ಯ ನೋಡಿಯೇ ಬದಲಿಸಿ.

ಎರಡನೆಯ ಸುತ್ತಿನಲ್ಲಿ ಇಂಗ್ಲಿಷ್ ಮೂಲವನ್ನು ಮುಚ್ಚಿಟ್ಟು ಕನ್ನಡವನ್ನಷ್ಟೇ ಗಟ್ಟಿಯಾಗಿ ಓದಿ. ಅನುವಾದಕರು ಬದಲಾಗುವ ಕಡೆ, ಅಂದರೆ ಒಂದು ಅಧ್ಯಾಯದ ಕೊನೆಯ ಮೂರು ಪುಟ ಮತ್ತು ಮುಂದಿನದರ ಮೊದಲ ಮೂರು ಪುಟವನ್ನು ಒಟ್ಟಿಗೆ ಓದಿದರೆ ದನಿ ಎಲ್ಲಿ ಮುರಿಯಿತೆಂದು ಗೊತ್ತಾಗುತ್ತದೆ. ಒಬ್ಬರದು ತುಂಡು ವಾಕ್ಯ, ಮತ್ತೊಬ್ಬರದು ಅರ್ಧ ಪುಟದ ವಾಕ್ಯ ಆಗಿದ್ದರೆ ಉದ್ದದ್ದನ್ನು ಒಡೆಯುವುದೇ ಸುಲಭ. ಓದುವಾಗ ಅರ್ಥ ತಡವರಿಸಿದಲ್ಲಿ ಗುರುತು ಹಾಕಿ, ಅಷ್ಟನ್ನು ಮಾತ್ರ ಆಮೇಲೆ ಮೂಲದೊಂದಿಗೆ ಹೋಲಿಸಿ.

ತಿದ್ದಿದ ಪ್ರತಿ ನಾಲ್ವರ ಕೈಗೂ ಹೋಗಲಿ, ಆಕ್ಷೇಪಕ್ಕೆ ಮೂರು ದಿನ ಕೊಡಿ. ಹದ ಮಾಡುವ ಭರದಲ್ಲಿ ಅರ್ಥವೇ ಪಲ್ಲಟವಾಗಿರುವುದನ್ನು ಆ ಅಧ್ಯಾಯದೊಂದಿಗೆ 20 ದಿನ ಕಳೆದವರೇ ಬೇಗ ಹಿಡಿಯುತ್ತಾರೆ. ಅವರು ತಮ್ಮ ಕಡತದಲ್ಲಿ ತಿದ್ದದೆ ಪುಟಸಂಖ್ಯೆಯೊಂದಿಗೆ ಬರೆದು ಕಳಿಸಲಿ. ಅಂತಿಮ ಪ್ರತಿಯಲ್ಲಿ ಕೈಯಾಡಿಸುವವರು ಒಬ್ಬರೇ ಇರಲಿ.