ಖಾತೆಯಿಂದ 27.14 ರೂಪಾಯಿ ಯಾಕೆ ಹೋಯಿತು? ಪೈಸೆ ನೋಡಿ ಪತ್ತೆ ಮಾಡಿ

ಪಾಸ್‌ಬುಕ್‌ನಲ್ಲಿ ಹುಡುಕಬೇಡಿ. ಅಲ್ಲಿ ವಿವರದ ಸಾಲು ಎಷ್ಟೋ ಸಲ ಅರ್ಧಕ್ಕೇ ತುಂಡಾಗಿರುತ್ತದೆ. ನೆಟ್ ಬ್ಯಾಂಕಿಂಗ್‌ನಿಂದ ಸ್ಟೇಟ್‌ಮೆಂಟ್‌ನ ಪಿಡಿಎಫ್ ಇಳಿಸಿಕೊಂಡು `Narration` ಅಥವಾ `Particulars` ಎಂಬ ಕಾಲಂ ತೆರೆಯಿರಿ.

ಮೊದಲು ಮೊತ್ತದ ಪೈಸೆ ನೋಡಿ. ಬ್ಯಾಂಕ್ ತನ್ನ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಿಸುತ್ತದೆ. ಹಾಗಾಗಿ ಮೊತ್ತವನ್ನು 1.18ರಿಂದ ಭಾಗಿಸಿ. ಸರಿಯಾದ ಪೂರ್ಣ ಸಂಖ್ಯೆ ಬಂದರೆ ಅದು ಬಹುತೇಕ ಬ್ಯಾಂಕಿನದೇ ಶುಲ್ಕ. 17.70 ಅಂದರೆ 15, ಸಾಮಾನ್ಯವಾಗಿ ಮೂರು ತಿಂಗಳ ಎಸ್‌ಎಂಎಸ್ ಶುಲ್ಕ.

ಈಗ 27.14 ತೆಗೆದುಕೊಳ್ಳಿ. ಭಾಗಿಸಿದರೆ 23. ಉಚಿತ ಮಿತಿ ದಾಟಿದ ಎಟಿಎಂ ವಹಿವಾಟಿಗೆ 2025ರ ಮೇ 1ರಿಂದ ಬ್ಯಾಂಕ್‌ಗಳು ಹಾಕಬಹುದಾದ ಗರಿಷ್ಠ ಶುಲ್ಕ ಇದೇ. ವಿವರದಲ್ಲಿ `ATM`, `CHG` ಇದ್ದರೆ ಅನುಮಾನ ಬೇಡ. ಬೆಂಗಳೂರಿನಂಥ ಮಹಾನಗರದಲ್ಲಿ ಬೇರೆ ಬ್ಯಾಂಕಿನ ಎಟಿಎಂ ತಿಂಗಳಿಗೆ ಮೂರು ಸಲ ಉಚಿತ, ಬೇರೆ ಊರುಗಳಲ್ಲಿ ಐದು ಸಲ. ಸುಮ್ನೆ ಬ್ಯಾಲೆನ್ಸ್ ನೋಡಿದ್ದೂ ಇದರಲ್ಲಿ ಲೆಕ್ಕಕ್ಕೆ ಬರುತ್ತದೆ. ಜನ ಎಡವುವುದು ಇಲ್ಲೇ. ಶುಲ್ಕ ಕೆಲವೊಮ್ಮೆ ದಿನಗಳು ಕಳೆದ ಮೇಲೆ ಬೀಳುತ್ತದೆ, ಆದ್ದರಿಂದ ಹಿಂದಿನ ಸಾಲುಗಳನ್ನೂ ನೋಡಿ.

ಈ ಲೆಕ್ಕವೊಂದನ್ನೇ ನಂಬಬೇಡಿ. ಅಂಗಡಿಯ 59 ರೂಪಾಯಿ ಬಿಲ್ಲೂ 1.18ರಿಂದ ಚೆನ್ನಾಗಿ ಭಾಗವಾಗುತ್ತದೆ, ಅಲ್ವಾ? ಸಾಲು `UPI` ಎಂದು ಶುರುವಾದರೆ ಅದು ಶುಲ್ಕವಲ್ಲ, ಪಾವತಿ. ಅದರಲ್ಲಿರುವ 12 ಅಂಕಿಯ ಸಂಖ್ಯೆಯನ್ನು ನಿಮ್ಮ ಯುಪಿಐ ಆ್ಯಪ್‌ನ ಹಳೆಯ ಪಾವತಿಗಳ ವಿವರದ ಜೊತೆ ಹೋಲಿಸಿ. ಅಲ್ಲಿ ಕಾಣುವ ಹೆಸರು ಗೊತ್ತಿಲ್ಲದ್ದು ಎಂದು ಗಾಬರಿ ಬೇಡ. ಬೋರ್ಡಿನಲ್ಲಿ ಅಂಗಡಿಯ ಹೆಸರಿದ್ದರೂ ಖಾತೆ ಮಾಲೀಕರ ಹೆಸರಲ್ಲಿರುತ್ತದೆ. ಪ್ರತಿ ತಿಂಗಳೂ ಅದೇ ಮೊತ್ತ ಹೋಗುತ್ತಿದ್ದರೆ ಆ್ಯಪ್‌ನ ಆಟೋಪೇ ಪಟ್ಟಿ ತೆರೆಯಿರಿ. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು. `ACH` ಅಥವಾ `NACH` ಇದ್ದರೆ ನೀವು ಎಂದೋ ಸಹಿ ಹಾಕಿದ ಸಾಲದ ಕಂತು, ಎಸ್‌ಐಪಿ ಅಥವಾ ವಿಮೆಯ ಹಣ.

ಮೇ ಕೊನೆಯಲ್ಲಿ ಬೀಳುವ ಎರಡು ಮೊತ್ತಗಳು ಬೇರೆಯೇ. `PMSBY` 20 ರೂಪಾಯಿ ಅಪಘಾತ ವಿಮೆ, `PMJJBY` 436 ರೂಪಾಯಿ ಜೀವ ವಿಮೆ. ಖಾತೆ ತೆರೆದಾಗ ತುಂಬಿದ ಫಾರಂ ಜೊತೆ ಸಹಿ ಹೋಗಿರಬಹುದು. ಬೇಡವಾದರೆ ಮೇ ತಿಂಗಳು ಬರುವ ಮೊದಲೇ ಶಾಖೆಗೆ ಬರೆದುಕೊಡಿ.

ಇಷ್ಟಾದರೂ ಗುರುತು ಸಿಗದಿದ್ದರೆ ದಿನಾಂಕ, ಮೊತ್ತ, ವಿವರದ ಪೂರ್ತಿ ಸಾಲು ಬರೆದು ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ವಂಚನೆ ಎನಿಸಿದರೆ 1930ಕ್ಕೂ ಕರೆ ಮಾಡಿ. ನಿಮ್ಮ ತಪ್ಪಿಲ್ಲದೆ ಹೊರಗಿನವರು ಹಣ ಎಗರಿಸಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದಾಗ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ.