74LS ಗೇಟ್‌ಗೆ ಎಲ್‌ಇಡಿ ಹಾಕುವಾಗ ಯಾವ ಕಡೆ ಕಟ್ಟಬೇಕು?

74LS00 ಔಟ್‌ಪುಟ್‌ನಿಂದ ಗ್ರೌಂಡ್‌ಗೆ ಎಲ್‌ಇಡಿ ಕಟ್ಟಿದ್ದೆ. ಬೆಳಕು ತೀರಾ ಮಂಕಾಗಿತ್ತು. ರೆಸಿಸ್ಟರ್ ಜಾಸ್ತಿಯಾಯಿತೇನೋ ಅಂತ ಕಡಿಮೆ ಮಾಡಿದೆ. ಆಗ ಅದೇ ಔಟ್‌ಪುಟ್ ನೋಡುತ್ತಿದ್ದ ಮುಂದಿನ ಗೇಟ್ ತಪ್ಪು ಉತ್ತರ ಕೊಡತೊಡಗಿತು.

ಕಾರಣ ಡೇಟಾಶೀಟ್‌ನಲ್ಲೇ ಇದೆ. LS ಗೇಟ್ ಹೈ ಇದ್ದಾಗ ಹೊರಗೆ ಕೊಡಲು ಹೇಳಿರುವ ಕರೆಂಟ್ ಬರೀ 0.4 mA. ಅದಕ್ಕಿಂತ ಜಾಸ್ತಿ ಎಳೆದರೆ ಔಟ್‌ಪುಟ್ ವೋಲ್ಟೇಜ್ ಕುಸಿಯುತ್ತದೆ. 2 ವೋಲ್ಟ್‌ಗಿಂತ ಕೆಳಗಿಳಿದರೆ ಮುಂದಿನ ಗೇಟ್ ಅದನ್ನು ಹೈ ಅಂತ ಓದುವ ಭರವಸೆ ಇಲ್ಲ. ಆದರೆ ಲೋ ಇದ್ದಾಗ ಇದೇ ಗೇಟ್ 8 mA ವರೆಗೆ ಒಳಗೆ ಎಳೆದುಕೊಳ್ಳುತ್ತದೆ.

ಹಾಗಾಗಿ ತಿರುಗಿಸಿ ಕಟ್ಟಿ: 5 ವೋಲ್ಟ್‌ನಿಂದ ರೆಸಿಸ್ಟರ್, ಆಮೇಲೆ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗೇಟ್ ಔಟ್‌ಪುಟ್‌ಗೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್, ಗೇಟ್‌ನಲ್ಲಿ 0.4 ವೋಲ್ಟ್ ಹೋಗುತ್ತದೆ. ಉಳಿದ 2.6 ವೋಲ್ಟ್ ರೆಸಿಸ್ಟರ್ ಮೇಲೆ ಬೀಳಬೇಕು. 6 mA ಬೇಕೆಂದರೆ:

```
R = (5 - 2 - 0.4) / 0.006 = 433 Ω
```

ಅಂಗಡಿಯಲ್ಲಿ ಸಿಗುವುದು 470 ಓಮ್. ಅದನ್ನೇ ಹಾಕಿ, ಸುಮಾರು 5.5 mA ಹರಿಯುತ್ತದೆ. ಸೂಚನಾ ದೀಪಕ್ಕೆ ಅಷ್ಟು ಧಾರಾಳ. 220 ಹಾಕಿದರೆ ಲೆಕ್ಕ 12 mA ಹತ್ತಿರ ಹೋಗಿ ಮಿತಿ ದಾಟುತ್ತದೆ.

ಒಂದು ನೆನಪಿರಲಿ, ಈಗ ಔಟ್‌ಪುಟ್ 0 ಆದಾಗ ದೀಪ ಹೊತ್ತುತ್ತದೆ. 1ಕ್ಕೆ ಹೊತ್ತಬೇಕಾದರೆ ನಡುವೆ 74LS04ನ ಒಂದು ಇನ್ವರ್ಟರ್ ಸೇರಿಸಿ. 74HC ಚಿಪ್ ಆದರೆ ಎರಡೂ ಕಡೆ ಒಂದೇ ಶಕ್ತಿ. ಅಲ್ಲಿ 680 ಓಮ್ ಹಾಕಿ ಹೇಗೆ ಕಟ್ಟಿದರೂ ಸರಿ.